ಕೋರ್ಸ್ ಶುಲ್ಕ ಕೇಳುವ ಪತ್ರ: ಮೂರು ದಾರಿ ಹೋಲಿಸಿ ಅಪ್ಪ ಅಮ್ಮನಿಗೆ ಲೆಕ್ಕ ಕೊಡುವುದು ಹೇಗೆ

ನಾನು ಮೊದಲ ಸಲ ಬರೆದ ಪತ್ರದಲ್ಲಿ ಇದ್ದದ್ದು ಒಂದೇ ಅಂಕಿ, ಕೋರ್ಸಿನ ಶುಲ್ಕ. ಉಳಿದದ್ದೆಲ್ಲ ಕೋರ್ಸ್ ಎಷ್ಟು ಚೆನ್ನಾಗಿದೆ ಅನ್ನುವ ಮಾತು. ಅಮ್ಮ ಪೂರ್ತಿ ಓದಿ ಕೇಳಿದ್ದು ಇಷ್ಟೇ: “ಇದನ್ನೇ ಮನೇಲಿ ಕೂತು ಕಲಿಯೋಕೆ ಆಗಲ್ವಾ?” ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಆ ಪ್ರಶ್ನೆಯನ್ನು ನನಗೇ ಕೇಳಿಕೊಂಡಿರಲಿಲ್ಲ.

ಎರಡನೇ ಪತ್ರ ಬರೆಯಲು ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಕೋರ್ಸ್ ಒಳ್ಳೆಯದು ಅಂತ ತೋರಿಸುವುದು ಪತ್ರದ ಕೆಲಸ ಅಲ್ಲ. ಅದೇ ವಿಷಯವನ್ನು ಕಡಿಮೆ ಖರ್ಚಿನಲ್ಲಿ ಕಲಿಯುವ ದಾರಿ ಇರುವಾಗ, ಅದಕ್ಕಿಂತ ಹೆಚ್ಚು ಹಣ ಕೊಟ್ಟರೆ ಜಾಸ್ತಿ ಏನು ಸಿಗುತ್ತದೆ ಅಂತ ತೋರಿಸುವುದು ಅದರ ಕೆಲಸ. ಹಾಗಾಗಿ ಮೊದಲು ಹೋಲಿಕೆ, ಆಮೇಲೆ ಪತ್ರ.

ನನ್ನದೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಕಲಿಯಬೇಕಾಗಿದ್ದದ್ದು ಸ್ಪ್ರೆಡ್‌ಶೀಟ್ ಮತ್ತು ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್, ಅಂದರೆ ಡೇಟಾ ವಿಶ್ಲೇಷಣೆಯ ಮೊದಲ ಹಂತ. ಹಣವನ್ನು ಯಾವುದೇ ನಾಣ್ಯದಲ್ಲಿ ಹೇಳುತ್ತಿಲ್ಲ. ತರಗತಿಗೆ ಹೋಗಿ ಕಲಿಯುವ ಕೋರ್ಸಿನ ಶುಲ್ಕ 100 ಭಾಗ ಅಂತ ಇಟ್ಟುಕೊಂಡಿದ್ದೇನೆ. ಉಳಿದ ಎಲ್ಲ ಖರ್ಚನ್ನೂ ಅದಕ್ಕೆ ಹೋಲಿಸಿ ಬರೆದಿದ್ದೇನೆ. ನಿಮ್ಮ ಅಂಕಿಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

## ಮೂರು ದಾರಿ

ಮೊದಲನೆಯದು ತರಗತಿ. ಎಂಟು ವಾರ, ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಗಂಟೆ. ಒಟ್ಟು 48 ಗಂಟೆ ಪಾಠ.

ಎರಡನೆಯದು ಆನ್‌ಲೈನ್ ಲೈವ್ ಕ್ಲಾಸ್. ಅದೂ ಎಂಟು ವಾರ, ಆದರೆ ವಾರಕ್ಕೆ ಎರಡೇ ಕ್ಲಾಸ್. 32 ಗಂಟೆ.

ಮೂರನೆಯದು ಸ್ವಂತ ಕಲಿಕೆ. ಉಚಿತ ವಿಡಿಯೊ ಪಾಠ, ಒಂದು ಪುಸ್ತಕ, ಅಭ್ಯಾಸಕ್ಕೆ ಉಚಿತ ತಂತ್ರಾಂಶ. ಸ್ಪ್ರೆಡ್‌ಶೀಟ್‌ಗೆ ಲಿಬ್ರೆಆಫೀಸ್ ಕ್ಯಾಲ್ಕ್, ಎಸ್‌ಕ್ಯೂಎಲ್‌ಗೆ ಎಸ್‌ಕ್ಯೂಎಲೈಟ್, ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಕಾಲೇಜಿನ ಓದಿನ ಜೊತೆ ನಡೆಸಿದರೆ ನನ್ನ ಅಂದಾಜಿನಲ್ಲಿ ನಾಲ್ಕು ತಿಂಗಳು.

| ಬಾಬ್ತು | ತರಗತಿ | ಆನ್‌ಲೈನ್ ಲೈವ್ | ಸ್ವಂತ ಕಲಿಕೆ |
|---|---|---|---|
| ಶುಲ್ಕ (ತೆರಿಗೆ ಸೇರಿ) | 100 | 60 | 0 |
| ನೋಂದಣಿ | 4 | 4 | 0 |
| ಓಡಾಟ, 24 ಸಲ | 12 | 0 | 0 |
| ಹೆಚ್ಚುವರಿ ಇಂಟರ್ನೆಟ್ | 0 | 6 | 12 |
| ಪುಸ್ತಕ, ಪ್ರಿಂಟ್ | 3 | 0 | 4 |
| ಹೆಡ್‌ಸೆಟ್ | 0 | 5 | 0 |
| ಸರ್ಟಿಫಿಕೇಟ್ ಪರೀಕ್ಷೆ | 10 | 10 | 10 |
| ಲ್ಯಾಪ್‌ಟಾಪ್ | 0 | 0 | 0 |
| ಕೈಮೀರಿದ ಖರ್ಚಿಗೆ | 6 | 5 | 4 |
| ಒಟ್ಟು | 135 | 90 | 30 |

ಈ ಪಟ್ಟಿಯಲ್ಲಿ ಮೂರು ಕಡೆ ಸ್ವಲ್ಪ ನಿಲ್ಲಬೇಕು.

ಒಂದು, ಜಾಹೀರಾತಿನಲ್ಲಿ ಕಾಣುವುದು 100. ಮನೆಯಿಂದ ಹೋಗುವುದು 135. ಮೇಲಿನ 35 ನನಗೆ ಸುಮ್ನೆ ಕಣ್ಣಿಗೆ ಬೀಳಲಿಲ್ಲ. ಕೋರ್ಸ್ ನಡೆಸುವವರಿಗೆ ಕೇಳಬೇಕಾಯಿತು. ತೆರಿಗೆ ಸೇರಿದೆಯಾ? ನೋಂದಣಿ ಬೇರೆಯಾ? ಪರೀಕ್ಷೆಗೆ ಬೇರೆ ಕಟ್ಟಬೇಕಾ? ಫೇಲಾದರೆ ಮತ್ತೆ ಬರೆಯಲು ಎಷ್ಟು? ಉತ್ತರ ಫೋನಿನಲ್ಲಿ ಬಂದರೆ ಸಾಲದು. ಬರಹದಲ್ಲಿ ಕೇಳಿ, ಇಮೇಲ್ ಆದರೂ ಸರಿ. ಮೊದಲ ಸಲ ನಾನು ವಿಚಾರಿಸಿದ ಒಂದು ಸಂಸ್ಥೆಯವರು “ಎಲ್ಲಾ ಸೇರಿದೆ” ಅಂತ ಫೋನಿನಲ್ಲಿ ಹೇಳಿದ್ದರು. ಬರೆದು ಕೇಳಿದಾಗ ಪರೀಕ್ಷೆಯ ಹಣ ಬೇರೆ ಅಂತ ಉತ್ತರ ಬಂತು. ಈ ಅಂಕಿ ನಾವು ಪತ್ರ ಕೊಟ್ಟ ಮೇಲೆ ಗೊತ್ತಾಗಿದ್ದರೆ, ಇನ್ನೂ ಏನೇನು ಬಾಕಿ ಇದೆಯೋ ಅಂತ ಮನೆಯವರಿಗೆ ಅನ್ನಿಸುವುದು ಸಹಜ.

ಎರಡು, ಲ್ಯಾಪ್‌ಟಾಪಿನ ಸಾಲು. ಸೊನ್ನೆ ಇದ್ದರೂ ಆ ಸಾಲನ್ನು ಬಿಡಬೇಡಿ. ಓದುವವರ ಮನಸ್ಸಿನಲ್ಲಿ ಆ ಪ್ರಶ್ನೆ ಇದ್ದೇ ಇರುತ್ತದೆ. ಇರುವ ಯಂತ್ರವೇ ಸಾಕು ಅಂತ ಬರೆಯುವ ಮೊದಲು ಪರೀಕ್ಷೆ ಮಾಡಿ. ನಾನು ಒಂದು ಲಕ್ಷ ಸಾಲುಗಳ ಮಾದರಿ ಕಡತ ತೆರೆದು ವಿಂಗಡಿಸಿ ನೋಡಿದೆ. ನಿಧಾನ ಆಯಿತು, ಆದರೆ ನಿಲ್ಲಲಿಲ್ಲ.

ಮೂರು, ಹಣದ ಪಟ್ಟಿಯಲ್ಲಿ ಕಾಣದ ಸಮಯ. ತರಗತಿಗೆ ಹೋಗಿ ಬರಲು ಒಂದು ಗಂಟೆ ಬೇಕು. 24 ಸಲ ಅಂದರೆ 24 ಗಂಟೆ. ಪಾಠ ಇರುವುದೇ 48 ಗಂಟೆ. ಇದನ್ನು ಹಣಕ್ಕೆ ತಿರುಗಿಸಿ ಒಟ್ಟಿಗೆ ಸೇರಿಸಬೇಡಿ, ಅದು ಬರೀ ಗೊಂದಲ. ಪಕ್ಕದಲ್ಲಿ ಗಂಟೆಯಾಗಿಯೇ ಬರೆಯಿರಿ.

## 60 ಭಾಗ ಕೊಟ್ಟರೆ ಸಿಗುವುದೇನು?

ಆನ್‌ಲೈನ್ ಲೈವ್‌ಗೆ 90, ಸ್ವಂತ ಕಲಿಕೆಗೆ 30. ಅಂದರೆ ಅಪ್ಪ ಅಮ್ಮ ಒಪ್ಪಬೇಕಾದದ್ದು ನಿಜವಾಗಿ ಈ 60ಕ್ಕೆ. ಆ 60 ಪಾಠಕ್ಕಲ್ಲ. ಸ್ಪ್ರೆಡ್‌ಶೀಟಿನ ಮಾಹಿತಿಯನ್ನು ಗುಂಪು ಮಾಡಿ ಒಟ್ಟು ತೋರಿಸುವ ಪಿವಟ್ ಟೇಬಲ್ ಹೇಗೆ ಮಾಡುವುದು ಅಂತ ಉಚಿತ ವಿಡಿಯೊಗಳಲ್ಲಿ ಬೇಕಾದಷ್ಟು ಚೆನ್ನಾಗಿ ಹೇಳಿಕೊಡುತ್ತಾರೆ. ಕೋರ್ಸಿನ ಪಠ್ಯಕ್ರಮವನ್ನೂ ಉಚಿತ ಪಾಠಗಳ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ವಿಷಯಗಳು ಹೆಚ್ಚುಕಡಿಮೆ ಒಂದೇ. ಹಾಗಾಗಿ “ಕೋರ್ಸಿನಲ್ಲಿ ಇಂತಿಂಥ ವಿಷಯ ಕಲಿಸುತ್ತಾರೆ” ಅನ್ನುವುದು ಶುಲ್ಕಕ್ಕೆ ಕಾರಣ ಆಗುವುದಿಲ್ಲ.

ನನಗೆ ಸಿಕ್ಕ ವ್ಯತ್ಯಾಸ ಎರಡು.

ಮೊದಲನೆಯದು ತಿದ್ದುವ ಕಣ್ಣು. ಆನ್‌ಲೈನ್ ಕೋರ್ಸಿನಲ್ಲಿ 15 ಜನ. ಆರು ಅಸೈನ್‌ಮೆಂಟ್‌ಗಳನ್ನು ಶಿಕ್ಷಕರು ಒಬ್ಬೊಬ್ಬರದೂ ನೋಡಿ ತಿದ್ದಿ ಕೊಡುತ್ತಾರೆ. ದುಬಾರಿ ತರಗತಿಯಲ್ಲಿ 40 ಜನ, ತಿದ್ದುವುದು ಎರಡನ್ನೇ. ಸ್ವಂತ ಕಲಿಕೆಯಲ್ಲಿ ತಿದ್ದುವವರೇ ಇಲ್ಲ.

ಈ ವಿಷಯದಲ್ಲಿ ತಿದ್ದುವವರು ಯಾಕೆ ಬೇಕು ಅಂತ ಒಂದು ಉದಾಹರಣೆಯಿಂದ ಹೇಳಬೇಕು. ಎಸ್‌ಕ್ಯೂಎಲ್‌ನಲ್ಲಿ ಎರಡು ಪಟ್ಟಿಗಳನ್ನು `JOIN` ಬಳಸಿ ಸೇರಿಸುತ್ತೇವೆ. ಒಂದು ಗ್ರಾಹಕರ ಪಟ್ಟಿ, ಇನ್ನೊಂದು ಆರ್ಡರುಗಳ ಪಟ್ಟಿ ಅಂದುಕೊಳ್ಳಿ. ಗ್ರಾಹಕರ ಪಟ್ಟಿಯಲ್ಲಿ ಒಬ್ಬರ ಸಂಖ್ಯೆ ತಪ್ಪಿ ಎರಡು ಸಲ ಬಂದಿದ್ದರೆ, ಸೇರಿಸಿದಾಗ ಅವರ ಪ್ರತಿ ಆರ್ಡರೂ ಎರಡೆರಡು ಸಲ ಬರುತ್ತದೆ. ಮಾರಾಟದ ಮೊತ್ತ ಉಬ್ಬುತ್ತದೆ. ಗಣಕ ಏನೂ ದೂರುವುದಿಲ್ಲ, ಯಾಕೆಂದರೆ ಬರೆದ ಆಜ್ಞೆಯಲ್ಲಿ ತಪ್ಪಿಲ್ಲ. ಉತ್ತರ ಬಂತು ಅಂತ ಕಲಿಯುವವರು ಮುಂದಕ್ಕೆ ಹೋಗುತ್ತಾರೆ. ಇಂಥ ತಪ್ಪನ್ನು ಒಬ್ಬರು ಎರಡು ಸಲ ತೋರಿಸಿಕೊಟ್ಟರೆ ಸೇರಿಸುವ ಮೊದಲು ಮತ್ತು ನಂತರ ಸಾಲುಗಳನ್ನು ಎಣಿಸುವ ಅಭ್ಯಾಸ ಬರುತ್ತದೆ. ವಿಡಿಯೊ ನಮ್ಮ ಕೆಲಸವನ್ನು ನೋಡುವುದಿಲ್ಲ ಅಲ್ವಾ?

ನೀವು ಕಲಿಯುವುದು ಬೇರೆ ವಿಷಯವಾದರೆ ಇದನ್ನೇ ಕೇಳಿಕೊಳ್ಳಿ: ಅಲ್ಲಿನ ತಪ್ಪುಗಳು ತಾನಾಗಿ ಗೊತ್ತಾಗುತ್ತವೆಯಾ, ಇಲ್ಲವಾ? ಟೈಪಿಂಗ್‌ನಲ್ಲಿ ತಪ್ಪು ಕೂಡಲೇ ಪರದೆ ಮೇಲೆ ಕಾಣುತ್ತದೆ. ಅಲ್ಲಿ ಶಿಕ್ಷಕರಿಗೆ ಕೊಡುವ ಹಣದ ಬೆಲೆ ಕಡಿಮೆ. ಉಚ್ಚಾರಣೆ, ಬರವಣಿಗೆ, ವಿಶ್ಲೇಷಣೆಯಲ್ಲಿ ಹಾಗಲ್ಲ.

ಎರಡನೆಯ ವ್ಯತ್ಯಾಸ ಮುಗಿಸುವುದು. ಹಾರ್ವರ್ಡ್ ಮತ್ತು ಎಂಐಟಿ ಸೇರಿ ಶುರು ಮಾಡಿದ ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕೋರ್ಸ್‌ಗಳ ತಾಣದಲ್ಲಿ ಈ ಎರಡು ವಿಶ್ವವಿದ್ಯಾಲಯಗಳು ನಡೆಸಿದ ಕೋರ್ಸ್‌ಗಳ ಲೆಕ್ಕ 2019ರಲ್ಲಿ ಪ್ರಕಟವಾಯಿತು. 2017-18ರಲ್ಲಿ ಸೇರಿದವರೆಲ್ಲರಲ್ಲಿ ಮುಗಿಸಿದವರು ಶೇ. 3ರ ಆಸುಪಾಸು. ಪ್ರಮಾಣಪತ್ರಕ್ಕೆ ಹಣ ಕಟ್ಟಿದವರಲ್ಲಿ ಶೇ. 46. ಇದನ್ನು ಪತ್ರದಲ್ಲಿ ಹಾಕುವಾಗ ಎಚ್ಚರ ಬೇಕು. ಹಣ ಕಟ್ಟಿದ್ದಕ್ಕೇ ಮುಗಿಸಿದರು ಅಂತ ಇದು ಹೇಳುವುದಿಲ್ಲ. ಮುಗಿಸಲೇಬೇಕು ಅಂತ ಇದ್ದವರೇ ಹಣ ಕಟ್ಟಿರಬಹುದು. ಇನ್ನೊಂದು, ಹಣ ಕಟ್ಟಿಯೂ ಅರ್ಧಕ್ಕಿಂತ ಜಾಸ್ತಿ ಜನ ಮುಗಿಸಲಿಲ್ಲ.

ಅದಕ್ಕಿಂತ ದೊಡ್ಡ ಸಾಕ್ಷಿ ನಮ್ಮದೇ ಹಳೆಯ ದಾಖಲೆ. ನಾನು ಹಿಂದೆ ಎರಡು ಉಚಿತ ಕೋರ್ಸ್ ಶುರು ಮಾಡಿದ್ದೆ. ಒಂದನ್ನು ನಾಲ್ಕನೇ ಪಾಠಕ್ಕೆ, ಇನ್ನೊಂದನ್ನು ಆರನೆಯದಕ್ಕೆ ಬಿಟ್ಟೆ. ದಿನ ಗೊತ್ತುಮಾಡಿದ ಕಾಲೇಜಿನ ಪ್ರಾಜೆಕ್ಟ್‌ಗಳನ್ನು ಮಾತ್ರ ಯಾವತ್ತೂ ತಡ ಮಾಡಿಲ್ಲ. ಇವೆರಡನ್ನೂ ಪತ್ರದಲ್ಲಿ ಬರೆದೆ. ಬಿಟ್ಟದ್ದನ್ನು ಬರೆಯಲು ಕಷ್ಟವಾಯಿತು, ಆದರೆ ಮನೆಯವರಿಗೆ ಅದು ಮೊದಲೇ ಗೊತ್ತಿತ್ತು. ನೀವು ಒಂದಾದರೂ ಉಚಿತ ಕೋರ್ಸ್ ಪೂರ್ತಿ ಮುಗಿಸಿದ್ದರೆ, ಸ್ವಂತ ಕಲಿಕೆಯೇ ನಿಮಗೆ ಸರಿಯಾದ ದಾರಿ ಇರಬಹುದು. ಹಾಗಿದ್ದರೆ 30 ಕೇಳಿ ಸಾಕು, 90 ಕೇಳಬೇಡಿ. ನಡುವಿನ ದಾರಿಯೂ ಒಂದಿದೆ: ಸ್ವಂತ ಕಲಿತು, ಗೊತ್ತಿರುವ ಒಬ್ಬರಿಗೆ ನಾಲ್ಕು ಗಂಟೆಗೆ ಹಣ ಕೊಟ್ಟು ನಿಮ್ಮ ಕೆಲಸ ತಿದ್ದಿಸಿಕೊಳ್ಳುವುದು. ಶಿಸ್ತು ಇರುವವರಿಗೆ ಮೂರಕ್ಕಿಂತಲೂ ಅದೇ ಮೇಲು ಅಂತ ನನ್ನ ಅನಿಸಿಕೆ.

ತರಗತಿಯನ್ನು ನಾನು ಇಲ್ಲಿಗೇ ಕೈಬಿಟ್ಟೆ. ಆನ್‌ಲೈನ್‌ಗಿಂತ 45 ಜಾಸ್ತಿ ಕೊಟ್ಟು, 24 ಗಂಟೆ ಓಡಾಡಿ, ತಿದ್ದಿಸಿಕೊಳ್ಳುವುದು ಎರಡೇ ಅಸೈನ್‌ಮೆಂಟ್. ಮನೆಯಲ್ಲಿ ಕೂತು ಓದಲು ಜಾಗವಿಲ್ಲದವರಿಗೆ, ಇಂಟರ್ನೆಟ್ ಪದೇ ಪದೇ ಕೈಕೊಡುವವರಿಗೆ, ಕೈಯಲ್ಲಿ ಉಪಕರಣ ಹಿಡಿದೇ ಕಲಿಯಬೇಕಾದ ಕೆಲಸಕ್ಕೆ ತರಗತಿಯೇ ಬೇಕು. ನನಗೆ ಆ ತೊಂದರೆ ಇರಲಿಲ್ಲ.

## ಲಾಭದ ಲೆಕ್ಕ

ಎಲ್ಲರೂ ಜಾರುವುದು ಇಲ್ಲಿ. “ಕೋರ್ಸ್ ಮುಗಿದ ಮೇಲೆ ಒಳ್ಳೆಯ ಕೆಲಸ ಸಿಗುತ್ತದೆ” ಅಂತ ಬರೆದುಬಿಡುತ್ತೇವೆ. ಅದು ನಮ್ಮ ಕೈಯಲ್ಲಿ ಇಲ್ಲದ ವಿಷಯ.

ನಾನು ಮಾಡಿದ್ದು ಹೀಗೆ. ಸೇರಬೇಕು ಅಂದುಕೊಂಡಿದ್ದ ಇಂಟರ್ನ್‌ಶಿಪ್‌ಗಳ 20 ಪ್ರಕಟಣೆ ಓದಿ, ಏನೇನು ಕೇಳಿದ್ದಾರೆ ಅಂತ ಗುರುತು ಹಾಕಿದೆ. ಸ್ಪ್ರೆಡ್‌ಶೀಟ್ ಕೇಳಿದವರು 13. ಎಸ್‌ಕ್ಯೂಎಲ್ 9. ಮಾಡಿದ ಕೆಲಸದ ಮಾದರಿ ತೋರಿಸಿ ಅಂದವರು 11. ಸರ್ಟಿಫಿಕೇಟ್ ಕೇಳಿದವರು 2.

ಈ ಎಣಿಕೆ ಬಜೆಟ್ಟನ್ನೇ ಬದಲಿಸಿತು. ಇಬ್ಬರಿಗಾಗಿ 10 ಭಾಗ ಕೊಟ್ಟು ಪರೀಕ್ಷೆ ಕಟ್ಟುವುದು ಬೇಡ ಅನ್ನಿಸಿತು. ಆ ಸಾಲು ತೆಗೆದೆ. ಒಟ್ಟು 90 ಇದ್ದದ್ದು 80ಕ್ಕೆ ಇಳಿಯಿತು. ಸ್ವಂತ ಕಲಿಕೆಯೂ 30ರಿಂದ 20ಕ್ಕೆ ಇಳಿಯಿತು, ಹಾಗಾಗಿ ನಡುವಿನ ಅಂತರ ಅದೇ 60. ಕೆಲವು ವೃತ್ತಿಗಳಲ್ಲಿ ಸರ್ಟಿಫಿಕೇಟ್ ಇಲ್ಲದೆ ಬಾಗಿಲೇ ತೆರೆಯುವುದಿಲ್ಲ. ಅಲ್ಲಿ ಎಣಿಕೆ ತಿರುಗುಮುರುಗಾಗಿ ಬರುತ್ತದೆ. ಅದಕ್ಕೇ ಎಣಿಸಿ ನೋಡಬೇಕು.

ಆಮೇಲೆ ಹಣ ತಿರುಗಿ ಬರುತ್ತದಾ ಅಂತ ನೋಡಿದೆ. ಮೂರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿ ತಿಂಗಳಿಗೆ 25 ಭಾಗ ಬಂದರೆ 75. ಮೇಲ್ನೋಟಕ್ಕೆ ಕೊಟ್ಟದ್ದು ಹೆಚ್ಚುಕಡಿಮೆ ವಾಪಸ್. ಆದರೆ ಎಲ್ಲರಿಗೂ ಸಿಗುವುದಿಲ್ಲ. ಈ ಕೋರ್ಸ್ ಮುಗಿಸಿದ ಆರು ಜನರನ್ನು ಹುಡುಕಿ ಮಾತಾಡಿಸಿದೆ. ಆರು ತಿಂಗಳೊಳಗೆ ಹಣ ಸಿಗುವ ಇಂಟರ್ನ್‌ಶಿಪ್ ಸಿಕ್ಕಿದ್ದು ಇಬ್ಬರಿಗೆ. ಮೂರರಲ್ಲಿ ಒಂದು ಅಂತ ಹಿಡಿದರೆ 75ರ ಮೂರನೇ ಒಂದು, ಅಂದರೆ 25. ಸ್ವಂತ ಕಲಿತರೂ ಸಿಗುವ ಸಾಧ್ಯತೆ ಸ್ವಲ್ಪ ಇದ್ದೇ ಇದೆ. ಅದನ್ನು ಆರರಲ್ಲಿ ಒಂದು ಅಂದುಕೊಂಡರೆ 12.5. ಅಂದರೆ 60 ಜಾಸ್ತಿ ಕೊಟ್ಟದ್ದಕ್ಕೆ ಮೊದಲ ವರ್ಷ ನಿರೀಕ್ಷಿಸಬಹುದಾದದ್ದು 12.5 ಮಾತ್ರ.

ಆರು ಜನ ಬಹಳ ಸಣ್ಣ ಸಂಖ್ಯೆ, ಆರರಲ್ಲಿ ಒಂದು ಅನ್ನುವುದು ನನ್ನ ಊಹೆ. ಆದರೂ ಒಂದು ಮಾತು ಖಚಿತವಾಯಿತು. ಕೋರ್ಸ್ ತನ್ನ ಖರ್ಚನ್ನು ತಾನೇ ತರುತ್ತದೆ ಅಂತ ನಾನು ಬರೆಯುವ ಹಾಗಿಲ್ಲ. ಹಳೆಯ ವಿದ್ಯಾರ್ಥಿಗಳನ್ನು ನೀವೇ ಹುಡುಕಿ. ಕೋರ್ಸಿನವರು ಕೊಡುವ ಹೆಸರುಗಳಲ್ಲಿ ಗೆದ್ದವರೇ ಇರುತ್ತಾರೆ. “ಉದ್ಯೋಗ ನೆರವು” ಮತ್ತು “ಉದ್ಯೋಗ ಖಾತರಿ” ಬೇರೆ ಬೇರೆ ಅನ್ನುವುದೂ ನೆನಪಿರಲಿ. ಮೊದಲನೆಯದರಲ್ಲಿ ಒಂದು ಪ್ರಕಟಣೆಯ ಕೊಂಡಿ ಕಳಿಸಿದರೂ ಅವರ ಮಾತು ಉಳಿದ ಹಾಗೆ. ಎರಡನೆಯದು ಅಂತ ಹೇಳಿದರೆ, ಕೆಲಸ ಸಿಗದಿದ್ದಾಗ ಎಷ್ಟು ಹಣ, ಯಾವಾಗ ವಾಪಸ್ ಅಂತ ಬರೆದಿರಬೇಕು.

ಹಾಗಾದರೆ ನಾನು ಹಣ ಕೇಳಿದ್ದು ಯಾವ ಕಾರಣಕ್ಕೆ? ಸಮಯಕ್ಕೆ. ರಜೆ ಇದ್ದದ್ದು ಒಂಬತ್ತು ವಾರ. ಇಂಟರ್ನ್‌ಶಿಪ್ ಅರ್ಜಿಗಳ ಕೊನೆಯ ದಿನ ಹತ್ತನೇ ವಾರದಲ್ಲಿ. ಎಂಟು ವಾರದಲ್ಲಿ ಮುಗಿದರೆ ತಿದ್ದಿಸಿಕೊಂಡ ಮೂರು ಕೆಲಸದ ಮಾದರಿಗಳ ಜೊತೆ ಅರ್ಜಿ ಹಾಕಬಹುದು. ನಾಲ್ಕು ತಿಂಗಳ ಸ್ವಂತ ಕಲಿಕೆ ಈ ವರ್ಷದ ಅರ್ಜಿಗೆ ಆಗಿಬರುವುದಿಲ್ಲ, ಸೆಮಿಸ್ಟರ್ ಪರೀಕ್ಷೆಗೂ ಅಡ್ಡ ಬರುತ್ತದೆ. ನನ್ನ ನಿಜವಾದ ಕಾರಣ ಇದೇ. ರಜೆ ಉದ್ದ ಇದ್ದಿದ್ದರೆ, ಅರ್ಜಿಯ ದಿನ ದೂರ ಇದ್ದಿದ್ದರೆ ನಾನು 60 ಕೇಳುತ್ತಿರಲಿಲ್ಲ.

## ಕಂತಾ, ಒಂದೇ ಸಲವಾ?

ಶುಲ್ಕ ಒಂದೇ ಸಲ ಕಟ್ಟಿದರೆ 60. ಮೂರು ಕಂತಾದರೆ ತಲಾ 22, ಒಟ್ಟು 66. ಬರೀ 6 ಜಾಸ್ತಿ, ಶೇ. 10 ಅಂತ ಕಾಣುತ್ತದೆ. ಲೆಕ್ಕ ಹಾಗಿಲ್ಲ. ಮೊದಲ 22 ಸೇರುವ ದಿನವೇ ಕೊಡುತ್ತೇವೆ. ಹಾಗಾಗಿ ನಿಜವಾಗಿ ತಡವಾಗಿ ಕೊಡುತ್ತಿರುವುದು 38 ಮಾತ್ರ. ಅದಕ್ಕೆ ಒಂದು ತಿಂಗಳಾದ ಮೇಲೆ 22, ಎರಡು ತಿಂಗಳಾದ ಮೇಲೆ ಇನ್ನೊಂದು 22 ಕಟ್ಟುತ್ತೇವೆ. ಬಡ್ಡಿ ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು ಶೇ. 10 ಬರುತ್ತದೆ, ವರ್ಷಕ್ಕಲ್ಲ. ಕೈಯಲ್ಲಿ ಹಣ ಇದ್ದರೆ ಇದು ಬೇಡ.

ಕಂತಿನಿಂದ ಒಂದು ಅನುಕೂಲ ಇರಬಹುದು: ಕೋರ್ಸ್ ಸರಿಯಿಲ್ಲ ಅನ್ನಿಸಿದರೆ ನಡುವೆ ಬಿಟ್ಟು ಉಳಿದ ಹಣ ಉಳಿಸಿಕೊಳ್ಳುವುದು. ಬಿಟ್ಟರೂ ಪೂರ್ತಿ ಕಟ್ಟಲೇಬೇಕು ಅಂತ ಒಪ್ಪಂದದಲ್ಲಿದ್ದರೆ ಆ ಅನುಕೂಲವೂ ಇಲ್ಲ. ನನ್ನದರಲ್ಲಿ ಹಾಗೇ ಇತ್ತು. ಹತ್ತು ದಿನದೊಳಗೆ ಬಿಟ್ಟರೆ ಶುಲ್ಕ ವಾಪಸ್, ನೋಂದಣಿಯ 4 ಮಾತ್ರ ವಾಪಸ್ ಇಲ್ಲ ಅಂತಲೂ ಇತ್ತು. ಹಾಗಾಗಿ ಒಂದೇ ಸಲ ಕಟ್ಟಿ, ಹತ್ತನೇ ದಿನದ ಮೇಲೆ ಕಣ್ಣಿಡುವುದು ಮೇಲು ಅನ್ನಿಸಿತು.

## ಕೊನೆಗೆ ಕೊಟ್ಟ ಪತ್ರ

“ಅಪ್ಪ, ಅಮ್ಮ,

ರಜೆಯಲ್ಲಿ ಎಂಟು ವಾರದ ಆನ್‌ಲೈನ್ ಕೋರ್ಸ್ ಸೇರಲು ನಿಮ್ಮಿಂದ 71 ಕೇಳುತ್ತಿದ್ದೇನೆ. ಒಟ್ಟು ಖರ್ಚು 80. ನೋಂದಣಿಯ 4 ಮತ್ತು ಹೆಡ್‌ಸೆಟ್‌ನ 5 ನನ್ನ ಉಳಿತಾಯದಿಂದ ಕೊಡುತ್ತೇನೆ. ನಿಮ್ಮ 71ರಲ್ಲಿ ಶುಲ್ಕ 60, ಎರಡು ತಿಂಗಳ ಇಂಟರ್ನೆಟ್ 6. ಉಳಿದ 5 ಕೈಮೀರಿದ ಖರ್ಚಿಗೆ, ಅದು ನಿಮ್ಮ ಹತ್ತಿರವೇ ಇರಲಿ. ಶುಲ್ಕದ 60 ಮೊದಲ ಕ್ಲಾಸಿಗೆ ಮುಂಚೆ ಬೇಕು. ಇಂಟರ್ನೆಟ್‌ಗೆ ತಿಂಗಳಿಗೆ 3ರಂತೆ ಸಾಕು. ಹೊಸ ಲ್ಯಾಪ್‌ಟಾಪ್ ಬೇಡ, ಇರುವುದರಲ್ಲೇ ನಡೆಯುತ್ತದೆ ಅಂತ ಪರೀಕ್ಷೆ ಮಾಡಿದ್ದೇನೆ.

ಇದೇ ವಿಷಯವನ್ನು ಮನೆಯಲ್ಲಿ 20ರಲ್ಲಿ ಕಲಿಯಬಹುದು. ಆದರೆ ನಾಲ್ಕು ತಿಂಗಳು ಬೇಕು, ಈ ವರ್ಷದ ಇಂಟರ್ನ್‌ಶಿಪ್ ಅರ್ಜಿಯ ದಿನ ದಾಟಿಹೋಗುತ್ತದೆ. ಹಿಂದೆ ಎರಡು ಉಚಿತ ಕೋರ್ಸ್ ನಡುವೆ ಬಿಟ್ಟಿದ್ದೇನೆ, ಅದೂ ನಿಮಗೆ ಗೊತ್ತು. ಜಾಸ್ತಿ ಕೊಡುವ 60ಕ್ಕೆ ಸಿಗುವುದು ಆರು ಅಸೈನ್‌ಮೆಂಟ್ ತಿದ್ದಿಕೊಡುವ ಶಿಕ್ಷಕರು ಮತ್ತು ಗೊತ್ತಾದ ದಿನಕ್ಕೆ ಮುಗಿಯುವ ಕೆಲಸ.

ಕೋರ್ಸ್ ಮುಗಿದಾಗ ತೋರಿಸಲು ಮೂರು ಕೆಲಸದ ಮಾದರಿಗಳು ನನ್ನ ಹತ್ತಿರ ಇರುತ್ತವೆ. ಇಷ್ಟು ಖಚಿತ. ನಾನು ಓದಿದ 20 ಪ್ರಕಟಣೆಗಳಲ್ಲಿ 11 ಇಂಥ ಮಾದರಿ ಕೇಳಿವೆ. ಇಂಟರ್ನ್‌ಶಿಪ್ ಸಿಗುವುದು ಖಚಿತವಲ್ಲ. ಮಾತಾಡಿಸಿದ ಆರು ಜನರಲ್ಲಿ ಇಬ್ಬರಿಗೆ ಸಿಕ್ಕಿದೆ. ಈ ವರ್ಷವೇ ಹಣ ತಿರುಗಿ ಬರುತ್ತದೆ ಅಂತ ಹೇಳಲಾರೆ.

ಎಂಟನೇ ದಿನ, ಮೂರನೇ ಕ್ಲಾಸ್ ಆದ ಮೇಲೆ, ಮೊದಲ ಅಸೈನ್‌ಮೆಂಟ್ ತಿದ್ದಿ ಬಂದದ್ದನ್ನು ನಿಮಗೆ ತೋರಿಸುತ್ತೇನೆ. ಅಷ್ಟರೊಳಗೆ ತಿದ್ದಿ ಬರದಿದ್ದರೆ, ಅಥವಾ ‘ಚೆನ್ನಾಗಿದೆ’ ಅಂತ ಒಂದೇ ಪದ ಬರೆದು ಕಳಿಸಿದ್ದರೆ, ಹತ್ತನೇ ದಿನದೊಳಗೆ ಬಿಟ್ಟು ಶುಲ್ಕ ವಾಪಸ್ ಪಡೆಯುತ್ತೇನೆ. ನೋಂದಣಿಯ 4 ಹೋಗುತ್ತದೆ, ಅದು ನನ್ನದು.”

ಅಪ್ಪ ಎರಡು ಸಲ ಓದಿದರು. ಕೇಳಿದ್ದು ಒಂದೇ: “ಹತ್ತು ದಿನ ಅಂದ್ರೆ ಹಣ ಕಟ್ಟಿದ ದಿನದಿಂದಾನಾ, ಕ್ಲಾಸ್ ಶುರುವಾದ ದಿನದಿಂದಾನಾ?” ನಾನು ಅದನ್ನು ನೋಡಿರಲಿಲ್ಲ. ಅವತ್ತೇ ಬರೆದು ಕೇಳಿದೆ. ಹಣ ಕಟ್ಟಿದ ದಿನದಿಂದ ಅಂತ ಉತ್ತರ ಬಂತು. ಕ್ಲಾಸ್ ಶುರುವಾಗಲು ಇನ್ನೂ ಎರಡು ವಾರ ಇತ್ತು. ಆಗಲೇ ಕಟ್ಟಿದ್ದರೆ ಮೊದಲ ಕ್ಲಾಸಿಗೆ ಮುಂಚೆಯೇ ಹತ್ತು ದಿನ ಮುಗಿದುಹೋಗುತ್ತಿತ್ತು. ನೋಂದಣಿಯ 4 ಕೊಟ್ಟು ಸೀಟು ಹಿಡಿದುಕೊಂಡೆವು. ಉಳಿದ 60ನ್ನು ಅಪ್ಪ ಕಟ್ಟಿದ್ದು ಮೊದಲ ಕ್ಲಾಸಿನ ಹಿಂದಿನ ಸಂಜೆ.